ಅರವತ್ತೈದು ವರ್ಷ ಬಿಚ್ಚದ ಧಾರೆ ಸೀರೆಯನ್ನು ಮದುವೆಯ ಬೆಳಗ್ಗೆ ಉಡಬಹುದೇ?

ಪ್ರಶ್ನೆ: ನಾನು ಒಂದು ಸಣ್ಣಕತೆ ಬರೆದಿದ್ದೇನೆ. ಮದುವೆಯ ಬೆಳಗ್ಗೆ ಅಜ್ಜಿ ಟ್ರಂಕು ತೆಗೆದು, 1959ರಲ್ಲಿ ತಾನು ಉಟ್ಟಿದ್ದ ಅರಗಿನ ಬಣ್ಣದ ಕಂಚಿ ಧಾರೆ ಸೀರೆಯನ್ನು ಮೊಮ್ಮಗಳಿಗೆ ಕೊಡುತ್ತಾಳೆ. ಮದುವೆಯಾದ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ. ಜರಿ ಫಳಫಳ ಹೊಳೆಯುತ್ತದೆ, ಮಡಿಕೆಯಿಂದ ಮಲ್ಲಿಗೆ ಘಮ ಬರುತ್ತದೆ. ಮೊಮ್ಮಗಳು ಅದನ್ನೇ ಉಟ್ಟು ಬಂದು ಅಜ್ಜಿಯ ಕಾಲಿಗೆ ನಮಸ್ಕಾರ ಮಾಡುತ್ತಾಳೆ. ಕತೆ ಅಲ್ಲಿಗೆ ಮುಗಿಯುತ್ತದೆ. ನಮ್ಮತ್ತೆ ಓದಿ, "ಅಷ್ಟು ಹಳೆ ರೇಷ್ಮೆ ಹಾಗೆಲ್ಲ ಉಡೋಕಾಗಲ್ಲ, ಹರಿದುಹೋಗುತ್ತೆ" ಅಂದರು. ಅಮ್ಮ ಮಾತ್ರ, "ಅಪ್ಪಟ ರೇಷ್ಮೆ ನೂರು ವರ್ಷ ಬರುತ್ತೆ" ಅನ್ನುತ್ತಾರೆ. ಯಾರದು ಸರಿ? ಕತೆ ಬದಲಾಯಿಸಬೇಕಾ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಾನು ಹಳೆಯ ರೇಷ್ಮೆ ಸೀರೆಗಳನ್ನು ರಿಪೇರಿ ಮಾಡುವ ಕೆಲಸದಲ್ಲಿರುವವಳು. ಕತೆ ಬರೆಯುವುದು ನನಗೆ ಗೊತ್ತಿಲ್ಲ. ಆದರೆ ನೀವು ಬರೆದ ಬೆಳಗ್ಗೆಯನ್ನು ನಾಲ್ಕೈದು ಸಲ ಕಣ್ಣಾರೆ ಕಂಡಿದ್ದೇನೆ.

ನಿಮ್ಮಮ್ಮ ಹೇಳುವುದು ಸುಳ್ಳಲ್ಲ. 1959ಕ್ಕಿಂತ ಹಳೆಯ ಸೀರೆಗಳು ನನ್ನ ಮೇಜಿನ ಮೇಲೆ ಬಂದಿವೆ. ಅವುಗಳಲ್ಲಿ ಕೆಲವನ್ನು ಜೋಪಾನವಾಗಿ ಉಡಬಹುದಿತ್ತು. ಆದರೆ ಹಾಗೆ ಉಳಿದವೆಲ್ಲ ಆಗಾಗ ಬಿಚ್ಚಿ, ಗಾಳಿಗೆ ಹಾಕಿ, ಬೇರೆ ಥರ ಮಡಿಸಿ ಇಟ್ಟ ಸೀರೆಗಳು. "ಯಾರೂ ಬಿಚ್ಚಿರಲಿಲ್ಲ" ಅಂತ ನೀವು ಬರೆದಿದ್ದೀರಲ್ಲ, ಆ ಒಂದು ವಾಕ್ಯ ಇರುವ ತನಕ ನಿಮ್ಮತ್ತೆಯ ಮಾತೇ ಸರಿ.

ಬಳಸದೆ ಇಟ್ಟರೆ ಸೀರೆ ಹೊಸದಾಗಿಯೇ ಇರುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಿತ್ತಾಳೆ ಪಾತ್ರೆಗೆ ಅದು ಸರಿಹೋಗಬಹುದು, ರೇಷ್ಮೆಗೆ ಸರಿಹೋಗುವುದಿಲ್ಲ. ರೇಷ್ಮೆ ನಮ್ಮ ಕೂದಲಿನ ಹಾಗೆ ಪ್ರೋಟೀನಿನ ಎಳೆ. ಬೆಳಕು, ಸೆಕೆ, ಬೆವರಿನ ಉಪ್ಪು, ಗಾಳಿಯ ತೇವ, ಇವೆಲ್ಲ ಅದನ್ನು ಸ್ವಲ್ಪ ಸ್ವಲ್ಪವಾಗಿ ಒಣಕಲು ಮಾಡುತ್ತವೆ. ಮದುವೆಯ ದಿನ ಉಟ್ಟು, ಬೆವರಿದ ಸೀರೆಯನ್ನು ಹಾಗೆಯೇ ಮಡಿಸಿ ಟ್ರಂಕಿಗೆ ಇಟ್ಟರೆ ಆ ಬೆವರು ಒಳಗೇ ಕೂತು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಟ್ರಂಕು ಅಟ್ಟದ ಮೇಲಿದ್ದರಂತೂ ಬೇಸಿಗೆಯಲ್ಲಿ ಒಳಗೆ ಒಲೆಯಷ್ಟು ಸೆಕೆ, ಮಳೆಗಾಲದಲ್ಲಿ ತೇವ. ನಿಮ್ಮ ಮಲೆನಾಡಿನಲ್ಲಿ ಅದನ್ನು ನಾನು ಹೇಳಬೇಕಾಗಿಲ್ಲ.

ಇದೆಲ್ಲ ಸೀರೆಯ ಮೈಯಿಡೀ ಆಗುತ್ತದೆ. ಆದರೆ ಹರಿಯುವುದು ಮಡಿಕೆಯಲ್ಲೇ. ಒಂದು ತಂತಿಯನ್ನು ಒಂದೇ ಕಡೆ ಬಗ್ಗಿಸಿ ಇಟ್ಟಂತೆ, ಮಡಿಕೆಯ ಮೂಲೆಯಲ್ಲಿ ಎಳೆ ವರ್ಷಗಟ್ಟಲೆ ಹಿಗ್ಗಿಕೊಂಡೇ ಇರುತ್ತದೆ. ಅದರ ಮೇಲೆ ಉಳಿದ ಸೀರೆಗಳ ಭಾರ ಬೇರೆ. ಮಡಿಕೆಗೆ ಅಡ್ಡವಾಗಿ ಹೋಗುವ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಮಡಿಕೆಯ ಜೊತೆಗೇ ಸಾಗುವ ಎಳೆಗಳು ಗಟ್ಟಿಯಾಗಿಯೇ ಉಳಿಯುತ್ತವೆ. ಹಾಸು ಹೋದರೆ ಹೊಕ್ಕು ಉಳಿಯುತ್ತದೆ, ಹೊಕ್ಕು ಹೋದರೆ ಹಾಸು ಉಳಿಯುತ್ತದೆ. ಹಾಗಾಗಿ ಹಳೆ ರೇಷ್ಮೆಯ ಸೀಳು ಸ್ಕೇಲು ಇಟ್ಟು ಗೆರೆ ಎಳೆದಷ್ಟು ನೇರ. ಮೊಳೆಗೆ ಸಿಕ್ಕಿ ಹರಿದ ಬಟ್ಟೆಯ ಹಾಗೆ ಅಡ್ಡಾದಿಡ್ಡಿ ಇರುವುದಿಲ್ಲ.

ಜರಿ ಇದ್ದ ಕಡೆ ಇನ್ನೂ ಜಾಸ್ತಿ. ಹಳೆಯ ಅಸಲಿ ಜರಿ ಎಂದರೆ ರೇಷ್ಮೆ ನೂಲಿನ ಮೇಲೆ ಚಪ್ಪಟೆ ಮಾಡಿದ ಬೆಳ್ಳಿ ತಂತಿ ಸುತ್ತಿ, ಚಿನ್ನದ ನೀರು ಕೊಟ್ಟದ್ದು. ಅದು ಲೋಹ. ಬಗ್ಗಿದ ಕಡೆ ಬಗ್ಗಿಯೇ ಇರುತ್ತದೆ. ಪಕ್ಕದ ರೇಷ್ಮೆ ಎಳೆಯನ್ನು ಸಣ್ಣ ಗರಗಸದಂತೆ ಉಜ್ಜುತ್ತದೆ. ಸೆರಗು, ಅಂಚು ಮೊದಲು ಹೋಗುವುದು ಈ ಕಾರಣಕ್ಕೆ. ಕಂಚಿ ಸೀರೆಯಲ್ಲಿ ಮೈಯನ್ನೂ ಸೆರಗನ್ನೂ ಬೇರೆ ಬೇರೆ ಹಾಸಿನಲ್ಲಿ ನೇಯ್ದು, ನಡುವೆ ಎಳೆಗೆ ಎಳೆ ಸೇರಿಸಿರುತ್ತಾರೆ. ನೇಕಾರರು ಅದನ್ನು ಪೇಟ್ನಿ ಎನ್ನುತ್ತಾರೆ. ನಮ್ಮ ಇಳಕಲ್ ಸೀರೆಯಲ್ಲಿ ತೋಪು ತೆನೆ ಸೆರಗು ಸೇರಿಸುವುದೂ ಇಂಥದ್ದೇ ಕೈಕೆಲಸ. ಹೊಸದರಲ್ಲಿ ಆ ಜೋಡಣೆ ತುಂಬಾ ಗಟ್ಟಿ. ಹಳತಾದ ಮೇಲೆ ನಾನು ಮೊದಲು ನೋಡುವುದೇ ಅದನ್ನು.

ಇನ್ನು ಹೊಳಪಿನ ವಿಷಯ. ಅಸಲಿ ಜರಿ ಕಪ್ಪಾಗುವುದಿಲ್ಲ ಎಂಬುದು ಇನ್ನೊಂದು ತಪ್ಪು ನಂಬಿಕೆ. ಬೆಳ್ಳಿ ದೀಪ ಕಪ್ಪಾಗುತ್ತದಲ್ಲ, ಜರಿಯಲ್ಲಿರುವುದೂ ಅದೇ ಬೆಳ್ಳಿ. ಮೇಲಿನ ಚಿನ್ನದ ಪದರ ಬಹಳ ತೆಳು. ತಾಮ್ರದ ಮೇಲೆ ಮಾಡಿದ ಜರಿಯಾದರೆ ಕೆಂಪಾಗುತ್ತದೆ, ಕೆಲವೊಮ್ಮೆ ಹಸಿರು ಹಿಡಿಯುತ್ತದೆ. ಬಿಚ್ಚದೆ ಇಟ್ಟ ಸೀರೆಯಲ್ಲಿ ಇದು ನೋಡಲು ಹೇಗಿರುತ್ತದೆ ಗೊತ್ತಾ? ಗಾಳಿ ತಾಗುವುದು ಮಡಿಕೆಯ ಹೊರಗಿನ ಅಂಚಿಗೆ ಮಾತ್ರ. ಅಲ್ಲಿ ಜರಿ ಮಂಕು, ಒಳಗೆ ಹೊಳಪು. ಹಾಸಿಗೆಯ ಮೇಲೆ ಹರವಿದರೆ ಕಿಟಕಿಯ ಸರಳುಗಳ ನೆರಳು ಬಿದ್ದ ಹಾಗೆ ಕಾಣುತ್ತದೆ. ಒಂದು ಚೌಕ ನಿನ್ನೆ ಮಗ್ಗದಿಂದ ಇಳಿಸಿದಂತಿದ್ದರೆ ಅದರ ಸುತ್ತ ಬೂದು ಗೆರೆ. ಫಳಫಳ ಅನ್ನುವುದಕ್ಕಿಂತ ಇದೇ ನಿಜ. ನನ್ನ ಕಣ್ಣಿಗೆ ಇದೇ ಚೆಂದ ಕೂಡ.

ಮಲ್ಲಿಗೆ ಘಮವನ್ನು ದಯವಿಟ್ಟು ತೆಗೆಯಿರಿ. ಟ್ರಂಕು ತೆಗೆದರೆ ಮೂಗಿಗೆ ಬರುವುದು ನುಸಿಗುಳಿಗೆ, ತುಕ್ಕು, ಹಳೆ ಬಟ್ಟೆ. ನುಸಿಗುಳಿಗೆಯ ವಾಸನೆ ಹೋಗಲು ನೆರಳಲ್ಲಿ ದಿನಗಟ್ಟಲೆ ಹರವಬೇಕು. ಬೆಳಗ್ಗೆ ತೆಗೆದು ಬೆಳಗ್ಗೆಯೇ ಉಟ್ಟವಳು ಹೋಮದ ಹೊಗೆಯ ನಡುವೆಯೂ ಆ ವಾಸನೆಯನ್ನೇ ಹೊತ್ತುಕೊಂಡು ಕೂತಿರುತ್ತಾಳೆ.

ನೀವು ಬರೆಯದ ಒಂದು ಸಂಗತಿ ಕೇಳಲೇ? ಆ ಸೀರೆ ಎಷ್ಟು ಉದ್ದ? ಆ ಕಾಲದಲ್ಲಿ ಮೈಸೂರು ಕಡೆಯ ಬ್ರಾಹ್ಮಣರ ಮನೆಯ ಧಾರೆ ಸೀರೆ ಎಂದರೆ ಸಾಮಾನ್ಯವಾಗಿ ಕಚ್ಚೆ ಹಾಕಿ ಉಡುವ ಹದಿನೆಂಟು ಮೊಳ. ಅಂದರೆ ಒಂಬತ್ತು ಗಜ, ಈಗಿನ ಲೆಕ್ಕದಲ್ಲಿ ಎಂಟು ಮೀಟರಿಗೂ ಜಾಸ್ತಿ. ನಿಮ್ಮ ಕತೆಯ ಮನೆ ಅಂಥದ್ದಾದರೆ, ಮೊಮ್ಮಗಳು ನೆರಿಗೆ ಹಿಡಿದು ಈಗಿನಂತೆ ಉಡಲು ಹೊರಟಾಗ ಎರಡೂವರೆ ಮೀಟರಿನಷ್ಟು ಬಟ್ಟೆ ಕೈಯಲ್ಲಿ ಉಳಿಯುತ್ತದೆ. ಕಚ್ಚೆ ಹಾಕಲು ಅವಳಿಗೆ ಬರುವುದಿಲ್ಲ. ಬರುವುದು ಅಜ್ಜಿಗೆ. ಈ ಒಂದು ತೊಡಕು ನಿಮ್ಮ ಕತೆಯಲ್ಲಿ ಅಜ್ಜಿಯನ್ನು ಕುರ್ಚಿಯಿಂದ ಎಬ್ಬಿಸುತ್ತದೆ.

ಇನ್ನೊಂದು. ಧಾರೆಗೆ ಹೊಸ ಸೀರೆ ಬಂದೇ ಬಂದಿರುತ್ತದೆ. ಕೆಲವು ಮನೆಗಳಲ್ಲಿ ಗಂಡಿನ ಕಡೆಯವರು ತರುತ್ತಾರೆ, ಕೆಲವು ಕಡೆ ಸೋದರಮಾವ ಕೊಡುತ್ತಾರೆ. ಅಜ್ಜಿಯ ಸೀರೆ ಉಟ್ಟರೆ ಆ ಸೀರೆ ಎಲ್ಲಿ ಹೋಯಿತು? ಓದುವ ಹೆಂಗಸರೆಲ್ಲ ಇದನ್ನು ಕೇಳಿಯೇ ಕೇಳುತ್ತಾರೆ.

ಈಗ ಆ ಕೊನೆಯ ನಮಸ್ಕಾರಕ್ಕೆ ಬರೋಣ. ನಿಂತಾಗ ಹಳೆ ಸೀರೆಗೆ ಅಷ್ಟೇನೂ ಕಷ್ಟವಿಲ್ಲ. ಬಟ್ಟೆ ತನ್ನ ಭಾರಕ್ಕೆ ತಾನು ಇಳಿಬಿದ್ದಿರುತ್ತದೆ. ಕೂತಾಗ, ಬಗ್ಗಿದಾಗ ಸೊಂಟದ ಹಿಂದೆ ಮತ್ತು ಮೊಣಕಾಲ ಮೇಲೆ ಬಟ್ಟೆ ಬಿಗಿಯುತ್ತದೆ. ಹಸೆಮಣೆಯ ಮೇಲೆ ಕೂತು ಏಳುವುದು, ಕಾಲಿಗೆ ಬಗ್ಗುವುದು, ಮದುವೆಯ ದಿನ ಇವೆರಡೇ ಅತಿ ಅಪಾಯದ ಗಳಿಗೆಗಳು. ಸುಮಾರು ಹದಿನೈದು ವರ್ಷದ ಹಿಂದೆ ನೆಂಟರ ಮದುವೆಯೊಂದರಲ್ಲಿ ಹೀಗೇ ಆಯಿತು. ಬೀರುವಿನಿಂದ ಆವತ್ತೇ ತೆಗೆದ ಸೀರೆ. ಹುಡುಗಿ ಅತ್ತೆಮಾವನಿಗೆ ನಮಸ್ಕಾರ ಮಾಡಲು ಬಗ್ಗಿದಳು. ಮೊಣಕಾಲ ಮೇಲೆ ಗೇಣುದ್ದ ಸೀಳು ಬಿತ್ತು. ಹಳೆ ರೇಷ್ಮೆ ಸೀಳುವಾಗ ದೊಡ್ಡ ಸದ್ದೇನೂ ಬರುವುದಿಲ್ಲ. ಒಣಗಿದ ಎಲೆ ತುಳಿದಂತೆ ಸಣ್ಣ ಸದ್ದು. ಹುಡುಗಿಗೂ ಪಕ್ಕದಲ್ಲಿದ್ದ ನನಗೂ ಕೇಳಿಸಿತು, ಅಷ್ಟೇ. ಅವಳ ಅಜ್ಜಿ ಎದುರಿಗೇ ಇದ್ದರು. ಮೊಮ್ಮಗಳು ಸೆರಗನ್ನು ಮುಂದಕ್ಕೆ ಎಳೆದುಕೊಂಡು, ಮುಹೂರ್ತ ಮುಗಿಯುವ ತನಕ ಎಡಗೈಯನ್ನು ಅಲ್ಲಿಂದ ತೆಗೆಯಲಿಲ್ಲ.

ಹಾಗಾದರೆ ಏನು ಮಾಡಬಹುದು? ನನಗೆ ಮೂರು ದಾರಿ ಕಾಣುತ್ತವೆ.

ಮೊದಲನೆಯದು, ಅಜ್ಜಿ ಆ ಸೀರೆಯನ್ನು ವರ್ಷಕ್ಕೆ ಎರಡು ಮೂರು ಸಲ ಬಿಚ್ಚುತ್ತಾ ಬಂದಿದ್ದರು ಎಂದು ಬದಲಾಯಿಸುವುದು. ಮಳೆಗಾಲ ಮುಗಿದ ಮೇಲೆ ಒಮ್ಮೆ, ಬೇಸಿಗೆಗೆ ಮುಂಚೆ ಒಮ್ಮೆ. ಬಿಸಿಲಿಗೆ ಹಾಕದೆ, ಕೋಣೆಯ ಒಳಗೆ ನೆರಳಲ್ಲಿ. ಒಮ್ಮೆ ಮೂರು ಪದರ, ಮುಂದಿನ ಸಲ ನಾಲ್ಕು ಪದರ ಮಡಿಸಿದರೆ ಗೆರೆ ಒಂದೇ ಕಡೆ ಬೀಳುವುದಿಲ್ಲ. ಪ್ಲಾಸ್ಟಿಕ್ ಕವರ್ ಇಲ್ಲ, ತೊಳೆದು ಮೆತ್ತಗಾದ ಹಳೆ ಬಿಳಿ ಪಂಚೆಯಲ್ಲಿ ಸುತ್ತಿ ಇಡುವುದು. ಇಷ್ಟು ಮಾಡಿದ್ದರೆ ಮೊಮ್ಮಗಳು ಉಟ್ಟರೆ ಯಾರೂ ತಕರಾರು ಮಾಡುವುದಿಲ್ಲ. ಆಗ ಮೊಮ್ಮಗಳಿಗೆ ಆ ಸೀರೆ ಹೊಸದಲ್ಲ. ಚಿಕ್ಕವಳಿದ್ದಾಗಿನಿಂದ, "ಕೈ ತೊಳ್ಕೊಂಡು ಬಂದು ಮುಟ್ಟು" ಎಂದು ಬೈಸಿಕೊಂಡು ನೋಡಿದ ಸೀರೆ. ಬೆಳಗ್ಗೆ ಟ್ರಂಕು ತೆಗೆದಾಗ ಆಗುವ ಅಚ್ಚರಿ ಕತೆಯಿಂದ ಹೋಗುತ್ತದೆ. ಈ ದಾರಿಯಲ್ಲಿ ನಿಮಗಾಗುವ ನಷ್ಟ ಅದು.

ಹೀಗೆ ಬರೆದರೆ, ಆ ಸೀರೆ ಉಳಿದದ್ದು ಹೇಗೆ ಎಂಬುದಕ್ಕೂ ಎರಡು ಸಾಲು ಕೊಡಿ. ಹಳೆ ಜರಿ ಸೀರೆ ಕೊಳ್ಳುವವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದುದು ನಿಮ್ಮಮ್ಮನಿಗೆ ನೆನಪಿರಬೇಕು. ಸೀರೆ ಕೊಟ್ಟರೆ ದುಡ್ಡು ಕೊಡುತ್ತಿದ್ದರು, ಇಲ್ಲವೇ ಸ್ಟೀಲ್ ಪಾತ್ರೆ. ಆ ಸೀರೆಗಳನ್ನು ಸುಟ್ಟು ಜರಿಯ ಬೆಳ್ಳಿ ಚಿನ್ನ ತೆಗೆಯುತ್ತಿದ್ದರು. ಅಸಲಿ ಜರಿಯ ಧಾರೆ ಸೀರೆಗಳು ಎಷ್ಟೋ ಮನೆಗಳಿಂದ ಹೋದದ್ದು ಹೀಗೆ. ನನ್ನ ಹತ್ತಿರ ಬರುವ ಹೆಂಗಸರಲ್ಲಿ ಎಷ್ಟೋ ಜನ ಒಂದು ಸೀರೆ ತಂದು, ಕಳೆದುಹೋದ ಮೂರು ಸೀರೆಯ ಮಾತಾಡುತ್ತಾರೆ.

ಎರಡನೆಯದು, ಮೊದಲೇ ರಹಸ್ಯವಾಗಿ ಸೀರೆ ತೆಗೆದು ಸರಿಮಾಡಿಸಿ, ಬೆಳಗ್ಗೆ ಕೊಡುವುದು. ಅಚ್ಚರಿ ಉಳಿಯುತ್ತದೆ. ಆದರೆ ಸೀರೆಗೆ ಹೆಚ್ಚಿನ ಅಪಾಯ ಆಗುವುದೇ ಇಲ್ಲಿ. ಮನೆಯವರು ಮೊದಲು ಮಾಡುವ ಕೆಲಸ ಡ್ರೈಕ್ಲೀನಿಂಗಿಗೆ ಕೊಟ್ಟು, ರೋಲ್ ಪಾಲಿಶ್ ಮಾಡಿಸುವುದು. ಡ್ರೈಕ್ಲೀನಿಂಗ್ ಮೆಷಿನ್ ಬಟ್ಟೆಯನ್ನು ಉರುಳಿಸುತ್ತದೆ. ಪಾಲಿಶ್ ಮಾಡುವವರು ಗಂಜಿ ಕೊಟ್ಟು, ಬಿಗಿಯಾಗಿ ಎಳೆದು ರೋಲರಿಗೆ ಸುತ್ತುತ್ತಾರೆ. ಹತ್ತು ವರ್ಷದ ಸೀರೆಗೆ ಅದು ಸರಿ. ಮಡಿಕೆಯಲ್ಲಿ ಅರ್ಧ ತುಂಡಾದ ಎಳೆಗೆ ಆ ಎಳೆತವೇ ಕೊನೆ. ಈ ಕೆಲಸದ ಮೊದಲ ವರ್ಷದಲ್ಲಿ ನಾನೇ ಒಂದು ಸೀರೆಯನ್ನು ಅಂಗಡಿಯೊಂದಕ್ಕೆ ಪಾಲಿಶಿಗೆ ಕೊಟ್ಟಿದ್ದೆ. ಸೆರಗು ಎರಡು ತುಂಡಾಗಿ ಬಂತು. ಆ ಮನೆಯವರ ಮುಖ ಇವತ್ತಿಗೂ ಮರೆತಿಲ್ಲ. ರಫೂ ಕೆಲಸವೂ ಇಂಥ ಸೀರೆಗೆ ಆಗುವುದಿಲ್ಲ. ರಫೂ ಸುತ್ತಲಿನ ಎಳೆಗಳನ್ನು ನಂಬಿ ನಿಲ್ಲುತ್ತದೆ. ಆ ಎಳೆಗಳೇ ಬಡಕಲು. ಹೊಲಿದ ಜಾಗ ಗಟ್ಟಿಯಾಗಿ, ಅದರ ಪಕ್ಕದಲ್ಲೇ ಹೊಸ ಸೀಳು ಬರುತ್ತದೆ. ಇಸ್ತ್ರಿಯಿಂದ ಅಂಟಿಸುವ ಪಟ್ಟಿ ಹಾಕಿದರೆ ಕತೆ ಮುಗಿದಂತೆಯೇ, ಆಮೇಲೆ ಅದನ್ನು ತೆಗೆಯಲು ಬರುವುದಿಲ್ಲ.

ಮೂರನೆಯದು, ಸೀಳಿದ ಸೀರೆಯನ್ನು ಸೀಳಿದ್ದು ಎಂದೇ ಒಪ್ಪಿಕೊಂಡು, ಅದಕ್ಕೆ ತಕ್ಕ ಸಣ್ಣ ಹೊತ್ತನ್ನು ಹುಡುಕುವುದು. ನಾನು ಮಾಡಿದ ಒಂದು ಸೀರೆಯ ಕೆಲಸವನ್ನು ಪೂರ್ತಿ ಹೇಳುತ್ತೇನೆ. ನಿಮ್ಮ ಕತೆಗೆ ಏನು ಬೇಕೋ ತೆಗೆದುಕೊಳ್ಳಿ.

ಹಾಸನ ಕಡೆಯ ಮನೆ. ಅಜ್ಜಿಗೆ 1957ರಲ್ಲಿ ಮದುವೆ. ಹಾಲುಬಿಳುಪಿನ ಮೈ, ಕೆಂಪು ಅಂಚು, ಹದಿನೆಂಟು ಮೊಳ. ಮದುವೆಗೆ ಆರು ವಾರ ಇರುವಾಗ ಹುಡುಗಿಯ ತಾಯಿ ಸೀರೆ ತಂದರು. ಜೊತೆಗೆ ಅಜ್ಜಿಯೂ ಬಂದರು, ಬಿಟ್ಟುಬರಲು ಮನಸ್ಸಿಲ್ಲದೆ. ಮೇಜಿನ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ, ಒಂದೊಂದೇ ಪದರ ತೆಗೆದೆವು. ಎತ್ತಿ ಕೊಡವಬಾರದು, ಕೈಯಲ್ಲಿ ಎಳೆದು ನೋಡಲೂಬಾರದು. ಬಟ್ಟೆಯನ್ನು ಕೆಳಗಿನಿಂದ ಎರಡೂ ಅಂಗೈಯಲ್ಲಿ ಹೊತ್ತು ತಿರುಗಿಸಬೇಕು. ಬೆಡ್‌ಶೀಟಿನ ಮೇಲೆ ಸಣ್ಣ ಸಣ್ಣ ಚೂರು ಎಳೆಗಳು ಬಿದ್ದವು. ಎಳೆ ಉದುರುತ್ತಿದೆ ಎಂದರೆ ಆ ಮಡಿಕೆ ಹೋಗಿದೆ ಎಂದೇ ಅರ್ಥ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಹನ್ನೊಂದು ಕಡೆ ಬೆಳಕು ಗೆರೆಯಾಗಿ ಒಳಗೆ ಬಂತು. ಒಂಬತ್ತು ಸೀಳು ಬೆರಳುದ್ದಕ್ಕಿಂತ ಕಡಿಮೆ. ಉಳಿದೆರಡು ಒಂದೊಂದು ಗೇಣುದ್ದ, ಎರಡೂ ಮೈಯ ನಡುವೆ.

ಅಂಚಿನ ಹತ್ತಿರ, ಬಿಳಿಯ ಮೇಲೆ ಅಂಗೈಯಗಲ ನಸುಗೆಂಪು ಕಲೆ ಇತ್ತು. ಏನಿದು ಅಂದೆ. ಅಜ್ಜಿ ನಕ್ಕರು. "ಧಾರೆ ನೀರು. ನಮ್ಮಪ್ಪಂಗೆ ಕೈ ನಡುಗ್ತಿತ್ತು, ಅರ್ಧ ನನ್ನ ಮಡಿಲಿಗೇ ಸುರಿದ್ರು" ಅಂದರು. ಕೆಂಪು ಬಣ್ಣ ನೀರಿಗೆ ಬಿಡುತ್ತದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಆದರೂ ಅಂಚಿನ ಒಳಗಡೆ ಒದ್ದೆ ಹತ್ತಿ ಒತ್ತಿ ನೋಡಿದೆ. ಹತ್ತಿ ಗುಲಾಬಿಯಾಯಿತು.

ಅಲ್ಲಿಗೆ ಧಾರೆಗೆ ಆ ಸೀರೆ ಆಗುವುದಿಲ್ಲ ಎಂದು ತೀರ್ಮಾನವಾಯಿತು. ತೆಂಗಿನಕಾಯಿಯ ಮೇಲಿಂದ ನೀರು ಹರಿಯುತ್ತದೆ. ಆಮೇಲೆ ಲಾಜಹೋಮದ ತುಪ್ಪ, ಕಿಡಿ. ಸಪ್ತಪದಿಗೆ ನಡೆಯಬೇಕು. ಹನ್ನೊಂದು ಸೀಳಿನ ಸೀರೆ ಅದನ್ನೆಲ್ಲ ತಡೆಯುವುದಿಲ್ಲ. ಅಜ್ಜಿಗೆ ಬೇಜಾರಾಯಿತು. "ಧಾರೆ ಸೀರೇನ ಧಾರೆಗಲ್ದೆ ಇನ್ಯಾವುದಕ್ಕೆ ಉಡ್ತಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗಿಯ ತಾಯಿಯೇ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೌರಿಪೂಜೆಗೆ ಉಡ್ಲಿ ಅಮ್ಮ" ಅಂದರು. ಮುಹೂರ್ತಕ್ಕೆ ಮುಂಚೆ, ಒಳಗಿನ ಕೋಣೆಯಲ್ಲಿ, ಹೆಂಗಸರ ನಡುವೆ ಅರ್ಧ ಮುಕ್ಕಾಲು ಗಂಟೆಯ ಪೂಜೆ. ಅಜ್ಜಿ ಒಪ್ಪಿದರು.

ಸೀರೆಯನ್ನು ಮೂರು ದಿನ ನೆರಳಲ್ಲಿ ಹಾಸಿಟ್ಟೆ. ಗಾಳಿಯ ತೇವಕ್ಕೆ ಮಡಿಕೆಗಳು ತಾವಾಗಿಯೇ ಸಡಿಲವಾದವು. ಇಸ್ತ್ರಿ ಮುಟ್ಟಿಸಲಿಲ್ಲ. ಪ್ರತಿ ಸೀಳಿನ ಹಿಂದೆ, ಅದೇ ಬಣ್ಣಕ್ಕೆ ಅದ್ದಿ ಚೆನ್ನಾಗಿ ತೊಳೆದ ತೆಳು ರೇಷ್ಮೆ ಬಟ್ಟೆ ಇಟ್ಟೆ. ಸೀಳಿಗಿಂತ ಎರಡೆರಡು ಬೆರಳು ಅಗಲವಾಗಿ, ಬಡಕಲು ಜಾಗ ದಾಟಿ ಗಟ್ಟಿ ಜಾಗದ ತನಕ. ಆಮೇಲೆ ಸೀಳಿನ ಮೇಲೆ ಅಡ್ಡಲಾಗಿ ಒಂದೊಂದು ರೇಷ್ಮೆ ಎಳೆ ಮಲಗಿಸಿ, ಅದನ್ನು ಸಣ್ಣ ಸಣ್ಣ ಹೊಲಿಗೆಯಿಂದ ಹಿಂದಿನ ಬಟ್ಟೆಗೆ ಹಿಡಿಸುವುದು. ಸೂಜಿ ಎಳೆಯನ್ನು ಚುಚ್ಚಬಾರದು, ಎಳೆಗಳ ನಡುವೆ ಇಳಿಯಬೇಕು. ಸೀಳನ್ನು ಬಿಗಿದು ಮುಚ್ಚಲು ಹೋಗಬಾರದು. ಕೂದಲೆಳೆಯಷ್ಟು ಸಂದು ಉಳಿದರೂ ಪರವಾಗಿಲ್ಲ. ಭಾರವನ್ನೆಲ್ಲ ಹಿಂದಿನ ಬಟ್ಟೆ ಹೊರಬೇಕು, ಅದೇ ಮುಖ್ಯ. ಗೇಣುದ್ದದ ಒಂದು ಸೀಳಿಗೆ ಎರಡು ದಿನ ಹಿಡಿಯಿತು. ಹತ್ತಿರದಿಂದ ನೋಡಿದರೆ ರಿಪೇರಿ ಕಾಣುತ್ತದೆ. ಅದನ್ನು ಮೊದಲೇ ಹೇಳಿದ್ದೆ.

ಉಡಿಸುವುದನ್ನೂ ಮೊದಲೇ ಯೋಚಿಸಿಟ್ಟಿದ್ದೆವು. ಕಚ್ಚೆ ಹಾಕಿದರೆ ಕೂರುವಾಗ ಬಟ್ಟೆ ಬಿಗಿಯುತ್ತದೆ, ಹಾಗಾಗಿ ಕಚ್ಚೆ ಬೇಡ ಎಂದಾಯಿತು. ಹದಿನೆಂಟು ಮೊಳದ ಹೆಚ್ಚಿನ ಬಟ್ಟೆ ಇಲ್ಲಿ ಉಪಯೋಗಕ್ಕೆ ಬಂತು. ಆ ಎರಡು ದೊಡ್ಡ ಸೀಳು ನೆರಿಗೆಯ ಒಳಗೆ ಬರುವಂತೆ ಅಳೆದು, ನೆರಿಗೆಯನ್ನು ಹಿಂದಿನ ದಿನವೇ ಹಿಡಿದಿಟ್ಟೆವು. ನೆರಿಗೆಯ ಮೇಲೆ ಎಳೆತ ಬೀಳುವುದಿಲ್ಲ. ಸೊಂಟದಲ್ಲಿ ಸೀರೆಯ ಭಾರ ಹೊರಲು ಅಗಲವಾದ ಹತ್ತಿ ಪಟ್ಟಿ ಕಟ್ಟಿದೆವು. ಡಾಬು ಬೇಡ ಅಂದೆ, ಅದರ ಅಂಚಿಗೆ ಜರಿ ಸಿಕ್ಕಿಕೊಳ್ಳುತ್ತದೆ. ಹಳೆ ರೇಷ್ಮೆಗೆ ಸೇಫ್ಟಿ ಪಿನ್ ಒಂದೂ ಬೇಡ. ಸೆರಗನ್ನು ಹಿಂದಿನಿಂದ, ಹೊಸ ಬಟ್ಟೆ ಕೊಟ್ಟ ಜಾಗದಲ್ಲಿ ಎರಡು ಹೊಲಿಗೆ ಹಾಕಿ ರವಿಕೆಗೆ ಹಿಡಿಸಿದೆವು. ಕೂರಲು ಮಣೆಯ ಬದಲು ಸ್ವಲ್ಪ ಎತ್ತರದ ಸ್ಟೂಲು.

ಹುಡುಗಿಗೆ ಇದು ಯಾವುದೂ ಗೊತ್ತಿರಲಿಲ್ಲ. ಬೆಳಗಿನ ಜಾವ ಐದು ಗಂಟೆ, ಮಂಗಳಸ್ನಾನ ಆಗಿ, ಕೂದಲು ಇನ್ನೂ ಒದ್ದೆ. ಅಜ್ಜಿ ಪಂಚೆಯ ಗಂಟು ಬಿಚ್ಚಿ ಸೀರೆ ತೋರಿಸಿದರು. ಅವಳು ಮೊದಲು ಕೇಳಿದ್ದು, "ಅಜ್ಜಿ, ಇದನ್ನ ಮುಟ್ಟಬಹುದಾ?" ಅಂತ. ಅವಳ ತಾಯಿ, ನಾನು, ಅಜ್ಜಿ, ಮೂವರೂ ಸೇರಿ ಉಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅಜ್ಜಿ ಕೈಯಲ್ಲಿ ಅಂಚು ಹಿಡಿದು, ನೆಲಕ್ಕೆ ತಾಗದ ಹಾಗೆ ಸುತ್ತ ತಿರುಗಿದರು. ಅವರಿಗೆ ಆಗ ಎಂಬತ್ತೈದರ ಹತ್ತಿರ.

ಉಟ್ಟದ್ದಾಯಿತು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು ನಮಸ್ಕಾರಕ್ಕೆ ಬಗ್ಗಲು ಹೊರಟಳು. ನಾನು ಬಾಯಿ ತೆಗೆಯುವ ಮೊದಲೇ ಅಜ್ಜಿ, "ಬಗ್ಗಬೇಡ ಮಗು, ಅಲ್ಲೇ ನಿಂತ್ಕೋ" ಅಂದರು. ತಾವೇ ಹತ್ತಿರ ಬಂದು, ಅವಳ ಮುಖಕ್ಕೆ ಎರಡೂ ಕೈ ಹಚ್ಚಿ ನೆಟಿಗೆ ಮುರಿದರು. ನಿಮ್ಮ ಕತೆಯ ಕೊನೆಯ ಸಾಲು ಓದಿದಾಗ ನನಗೆ ನೆನಪಾದದ್ದು ಇದು. ಕಾಲಿಗೆ ಬೀಳುವುದನ್ನು ತೆಗೆಯಿರಿ ಎಂದು ನಾನು ಹೇಳುವುದು ಸೀರೆಗೋಸ್ಕರ. ಆದರೆ ಆ ಸೀರೆ ಎಷ್ಟು ತಡೆಯುತ್ತದೆ ಎಂದು ಆ ಮನೆಯಲ್ಲಿ ಅಜ್ಜಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ?

ಪೂಜೆ ಮುಗಿದು ಹುಡುಗಿ ಹೊಸ ಸೀರೆ ಉಟ್ಟು ಮಂಟಪಕ್ಕೆ ಹೋದಳು. ಹಳೆಯದನ್ನು ಅಲ್ಲೇ ಹಾಸಿಗೆಯ ಮೇಲೆ ಹರವಿ ನೋಡಿದೆ. ಹಿಂಬದಿಯಲ್ಲಿ ಒಂದು ಸಣ್ಣ ಹೊಸ ಸೀಳು, ಎರಡು ಬೆರಳಗಲ. ಸ್ಟೂಲಿನಿಂದ ಏಳುವಾಗ ಆಗಿರಬೇಕು. ಮಡಿಲಿನ ಜಾಗದಲ್ಲಿ ಅರಿಶಿನದ ಕಲೆ, ಹಳೆಯ ನಸುಗೆಂಪು ಕಲೆಗೆ ಗೇಣು ದೂರದಲ್ಲಿ. ಹುಡುಗಿಯ ತಾಯಿ ತೆಗೆಯಲು ಆಗುತ್ತದಾ ಎಂದು ಕೇಳಿದರು. ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತದೆ. ಬಿಸಿಲಿಗೆ ಹಾಕಿದರೆ ಅರಿಶಿನದ ಜೊತೆ ರೇಷ್ಮೆಯೂ ಸೊರಗುತ್ತದೆ. ನೀರು ಹಾಕಿದರೆ ಅಂಚಿನ ಕೆಂಪು ಮತ್ತೆ ಹರಿಯುತ್ತದೆ. ಬೇಡ, ಇರಲಿ ಅಂದೆ. ಎರಡು ದಿನ ಹಾಗೇ ಹರವಿಟ್ಟು, ಬೆವರು ಆರಿದ ಮೇಲೆ, ರಟ್ಟಿನ ಕೊಳವೆಗೆ ಹಳೆ ಪಂಚೆ ಸುತ್ತಿ ಅದರ ಮೇಲೆ ಸೀರೆ ಸುತ್ತಿ ಕೊಟ್ಟೆ. ಈಗ ಅದರಲ್ಲಿ ಒಂದೂ ಮಡಿಕೆ ಇಲ್ಲ. ಮೊಮ್ಮಗಳ ಮನೆಯಲ್ಲಿ ಬೀರುವಿನ ಮೇಲಿನ ಖಾನೆಯಲ್ಲಿ ಉದ್ದಕ್ಕೆ ಮಲಗಿದೆ.